ಅರವತ್ತನೇ ದಿನದ ಪರೀಕ್ಷೆ

ಈ ವಾರ ಭಾನುವಾರದ ಪುನರಾವರ್ತನೆಯ ಬಗ್ಗೆ ಬರೆಯುತ್ತೇನೆ ಎಂದು ಹೇಳಿದ್ದೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು, ತೊಂಬತ್ತು ದಿನದ ಪಟ್ಟಿ ಹಾಕಿಕೊಂಡು ಮರಾಠಿ ಕಲಿಯುವ ಕನ್ನಡಿಗರು ಮಧ್ಯದಲ್ಲಿ ಎಲ್ಲಿ ಎಡವುತ್ತಾರೆ ಎಂಬುದನ್ನು ನೋಡಬೇಕು.

ಮೊದಲ ತಿಂಗಳು ಮರಾಠಿ ನಮಗೆ ತವರಿನಂತೆಯೇ ಇರುತ್ತದೆ. ‘ನನಗೆ ಹಸಿವಾಗಿದೆ’ ಎನ್ನುವ ಕಡೆ ‘ಮಲಾ ಭೂಕ ಲಾಗಲೀ’. ‘ನನಗೆ ಕನ್ನಡ ಬರುತ್ತೆ’ ಎನ್ನುವ ಕಡೆ ‘ಮಲಾ ಕನ್ನಡ ಯೇತಂ’. ‘ಬೇಡ’ ಎಂಬ ನಮ್ಮ ಒಂದೇ ಪದಕ್ಕೆ ಅವರಲ್ಲೂ ‘ನಕೋ’ ಎಂಬ ಒಂದೇ ಪದ. ವಾಕ್ಯದ ಎಲುಬು ಒಂದೇ ಆದ್ದರಿಂದ ಹಾಸನದವರೋ ತುಮಕೂರಿನವರೋ ನೌಪಾಡಾಕ್ಕೆ ಬಂದ ನಾಲ್ಕೇ ವಾರದಲ್ಲಿ ಗೋಖಲೆ ರಸ್ತೆಯ ಅಂಗಡಿಗಳಲ್ಲಿ ಸಲೀಸಾಗಿ ಮಾತಾಡತೊಡಗುತ್ತಾರೆ. ಐದನೇ ವಾರ ಭೂತಕಾಲ ಬರುತ್ತದೆ. ಅಲ್ಲಿಗೆ ಬಾಯಿ ಕಟ್ಟುತ್ತದೆ.

ಕನ್ನಡದಲ್ಲಿ ಡಬ್ಬಿ ಬಂತು, ಗಾಡಿ ಬಂತು, ನೀರು ಬಂತು. ಮರಾಠಿಯಲ್ಲಿ ಡಬಾ ಆಲಾ, ಗಾಡೀ ಆಲೀ, ಪಾಣೀ ಆಲಂ. ನಮಗೆ ಗಂಡು ಹೆಣ್ಣು ಎಂಬುದು ಮನುಷ್ಯರಿಗೆ ಮಾತ್ರ, ಉಳಿದದ್ದೆಲ್ಲ ‘ಅದು’. ಅವರಿಗೆ ಡಬ್ಬಿ ‘ತೋ’, ಗಾಡಿ ‘ತೀ’, ನೀರು ‘ತೇ’. ಇದಾದರೂ ಸಹಿಸಬಹುದು. ತಿಂದದ್ದು, ತಂದದ್ದು, ನೋಡಿದ್ದನ್ನು ಹೇಳುವಾಗ ಕ್ರಿಯಾಪದವು ತಿಂದವರನ್ನು ಬಿಟ್ಟು ತಿಂದ ವಸ್ತುವಿನ ಹಿಂದೆ ಹೋಗುತ್ತದೆ: ಮೀ ಆಂಬಾ ಖಾಲ್ಲಾ, ಮೀ ಭಾಕರೀ ಖಾಲ್ಲೀ, ಮೀ ಕೇಳಂ ಖಾಲ್ಲಂ. ತಿಂದವನು ನಾನೇ, ತಿಂದದ್ದೂ ಒಂದೇ ಬಾಯಲ್ಲಿ. ಆದರೆ ಮಾವು, ರೊಟ್ಟಿ, ಬಾಳೆಹಣ್ಣು ಮೂರೂ ಕ್ರಿಯಾಪದವನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಂಡಿವೆ. ಅಷ್ಟು ಹೊತ್ತಿಗೆ ಇನ್ನೂರು ಮುನ್ನೂರು ನಾಮಪದ ಬಾಯಿಪಾಠವಾಗಿರುತ್ತದೆ, ಯಾವುದರ ಲಿಂಗವೂ ಗೊತ್ತಿರುವುದಿಲ್ಲ. ಎಲ್ಲವನ್ನೂ ಮೊದಲಿಂದ ಕಲಿಯಬೇಕು. ಪಟ್ಟಿ ಮುರಿಯುವುದು ಇಲ್ಲಿಯೇ.

ಆದ್ದರಿಂದ ಐದನೇ ವಾರದ ಕೆಲಸ ಮೊದಲ ದಿನವೇ ಶುರುವಾಗಬೇಕು. ಚೀಟಿಯ ಮೇಲೆ ಬರಿಯ ‘ದೂಧ’ ಎಂದು ಬರೆಯಬೇಡಿ, ‘ತೇ ದೂಧ’ ಎಂದು ಬರೆಯಿರಿ. ಚಹಾ ಅಲ್ಲ, ‘ತೋ ಚಹಾ’. ಭಾಜೀ ಅಲ್ಲ, ‘ತೀ ಭಾಜೀ’. ಪುನರಾವರ್ತನೆಯಲ್ಲಿ ಪದ ನೆನಪಾಗಿ ಲಿಂಗ ತಪ್ಪಿದರೆ ಅದನ್ನು ಪೂರ್ತಿ ತಪ್ಪೆಂದೇ ಎಣಿಸಿ, ಚೀಟಿಯನ್ನು ಮೊದಲ ಖಾನೆಗೆ ಹಿಂದಕ್ಕೆ ಹಾಕಬೇಕು. ಲೈಟ್ನರನ ಐದು ಖಾನೆಯ ಪೆಟ್ಟಿಗೆ ಈ ಅಂಕಣದ ಓದುಗರಿಗೆ ಹೊಸದಲ್ಲ, ಅದನ್ನು ಮತ್ತೆ ವಿವರಿಸುವುದಿಲ್ಲ.

‘ಹಿಂದಿ ಬರುತ್ತದಲ್ಲ, ಅದನ್ನೇ ಸ್ವಲ್ಪ ತಿರುಗಿಸಿದರೆ ಮರಾಠಿ’ ಎನ್ನುವ ಪಂಥದ ಜೊತೆ ನನ್ನ ಜಗಳ ಹಳೆಯದು. ಮುಂಬೈ ಸುತ್ತಮುತ್ತ ಕನ್ನಡಿಗರಿಗೆ ಈ ಪಂಥ ಮಾಡಿದಷ್ಟು ಕೆಡುಕನ್ನು ಬೇರಾರೂ ಮಾಡಿಲ್ಲ. ಹಿಂದಿಯಲ್ಲಿ ಎರಡೇ ಲಿಂಗ. ನೀರು, ಹಾಲು, ಮನೆ ಅಲ್ಲಿ ಪುಲ್ಲಿಂಗ, ಮರಾಠಿಯಲ್ಲಿ ಮೂರೂ ನಪುಂಸಕ. ‘ಆವಾಜ’ ಅಲ್ಲಿ ಸ್ತ್ರೀಲಿಂಗ, ಇಲ್ಲಿ ಪುಲ್ಲಿಂಗ. ಹಿಂದಿಯ ‘ಮೈಂನೇ’ ನೋಡಿ ‘ಮೀನೇ’ ಎನ್ನುವವರಿದ್ದಾರೆ, ಮರಾಠಿಯ ‘ಮೀ’ಗೆ ಆ ‘ನೇ’ ಹತ್ತುವುದೇ ಇಲ್ಲ. ಕನ್ನಡದಿಂದ ನೇರ ಮರಾಠಿಗೆ ದಾಟುವವರಿಗೆ ಕಲಿಯುವ ಹೊರೆ ಮಾತ್ರ, ಹಿಂದಿಯ ಮೂಲಕ ಬರುವವರಿಗೆ ಕಲಿತದ್ದನ್ನು ಅಳಿಸುವ ಹೊರೆಯೂ ಸೇರುತ್ತದೆ.

ಇನ್ನು ಭಾನುವಾರ. ವಾರಕ್ಕೆ ಆರು ದಿನ ಹತ್ತು ಹತ್ತು ಹೊಸ ಚೀಟಿ, ಏಳನೇ ದಿನ ಒಂದೂ ಹೊಸದಿಲ್ಲ. ಅಂದು ಆ ವಾರದ ಅರವತ್ತನ್ನೂ ಕನ್ನಡದಿಂದ ಮರಾಠಿಗೆ ಬಾಯಿಬಿಟ್ಟು ಹೇಳಬೇಕು. ಮರಾಠಿ ನೋಡಿ ಕನ್ನಡ ಹೇಳುವುದು ಸುಲಭ, ಅದು ಬರಿಯ ಗುರುತು ಹಿಡಿಯುವಿಕೆ. ಹನ್ನೆರಡಕ್ಕಿಂತ ಹೆಚ್ಚು ತಪ್ಪಿದರೆ ಮುಂದಿನ ವಾರ ಹೊಸ ಚೀಟಿ ದಿನಕ್ಕೆ ಐದಕ್ಕೆ ಇಳಿಯಲಿ. ಹೀಗೆ ಇಳಿಸಲು ಮನಸ್ಸೊಪ್ಪದೆ ಹತ್ತರಲ್ಲೇ ಓಡಿದವರಿಗೆ ನಾಲ್ಕನೇ ವಾರದ ಹೊತ್ತಿಗೆ ದಿನವೂ ಹಳೆಯ ಚೀಟಿಗಳೇ ಮುಕ್ಕಾಲು ಗಂಟೆ ತಿನ್ನುತ್ತವೆ. ಹನ್ನೆರಡು ವಾರ ಕಳೆದು ಉಳಿಯುವ ಆರು ದಿನಗಳಲ್ಲೂ ಹೊಸದೇನೂ ಇಲ್ಲ.

ಮೂವತ್ತನೇ ದಿನದ ತಪಾಸಣೆ ತರಕಾರಿ ಮಾರುಕಟ್ಟೆಯಲ್ಲಿ, ಅದೂ ಲೆಕ್ಕದ್ದು. ಕೇಳಿದ ಬೆಲೆಯನ್ನು ಮರುಮಾತಿಲ್ಲದೆ ಎಣಿಸಿ ಕೊಡಬೇಕು. ನಾವು ‘ಅರವತ್ತೆರಡು’ ಎಂದು ಹತ್ತನ್ನು ಮುಂದಿಟ್ಟು ಹೇಳಿದರೆ ಅವರು ‘ಬಾಸಷ್ಟ’ ಎಂದು ಎರಡನ್ನು ಮುಂದಿಡುತ್ತಾರೆ. 2019ರಲ್ಲಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕ ‘ಸಾಠ ದೋನ’ ಎಂಬ ರೀತಿಯನ್ನೂ ಕೊಟ್ಟಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗಲಾಟೆಯೇ ಆಯಿತು. ಗಣಿತಜ್ಞೆ ಮಂಗಲಾ ನಾರಳೀಕರ್ ಅದನ್ನು ಸಮರ್ಥಿಸಿಕೊಂಡರು. ಮಕ್ಕಳ ದೃಷ್ಟಿಯಿಂದ ಅವರ ಮಾತೇ ಸರಿ ಎಂದು ನಾನು ನಂಬಿದ್ದೇನೆ. ಹೇಳುವ ಕ್ರಮವೂ ಬರೆಯುವ ಕ್ರಮವೂ ಒಂದೇ ಆದಾಗ ಮಗು ಇಪ್ಪತ್ತಾರನ್ನು ಅರವತ್ತೆರಡೆಂದು ಬರೆಯುವ ಸಂಭವ ಕಡಿಮೆ. ಕನ್ನಡ ಶಾಲೆಯಲ್ಲಿ ಓದಿದ ನಮಗೆ ಆ ಅನುಕೂಲ ಹುಟ್ಟಿನಿಂದಲೇ ಸಿಕ್ಕಿದೆ. ಆದರೆ ಸೊಪ್ಪು ಮಾರುವ ಮಾವಶಿ ‘ಬಾಸಷ್ಟ’ ಎಂದೇ ಹೇಳುತ್ತಾರೆ. ನಮ್ಮ ಕಿವಿ ಅದಕ್ಕೇ ಒಗ್ಗಬೇಕು.

ಕಿವಿಗೆ ಅತಿ ಹೆಚ್ಚು ಮೋಸವಾಗುವುದು ಒಂಬತ್ತರಲ್ಲಿ. ಏಕೋಣಚಾಳೀಸ ಎಂದರೆ ನಲವತ್ತಕ್ಕೆ ಒಂದು ಕಡಿಮೆ, ಮೂವತ್ತೊಂಬತ್ತು. ಏಕ್ಕೇಚಾಳೀಸ ಎಂದರೆ ನಲವತ್ತೊಂದು. ಸಂತೆಯ ಗದ್ದಲದಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಒಂದರಿಂದ ನೂರರವರೆಗೆ ಸಾಲಾಗಿ ಒಪ್ಪಿಸುವ ಅಭ್ಯಾಸದಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ಸಾಲಿನಲ್ಲಿ ಮುಂದಿನದು ಯಾವುದೆಂದು ಮೊದಲೇ ಗೊತ್ತಿರುತ್ತದೆ. ಯಾರಾದರೂ ಅಡ್ಡಾದಿಡ್ಡಿಯಾಗಿ ಹೇಳಬೇಕು, ನೀವು ಅಂಕಿಯಲ್ಲಿ ಬರೆಯಬೇಕು. ಜೊತೆಗೆ ದೀಡಶೇ ಎಂದರೆ 150, ಅಡೀಚಶೇ ಎಂದರೆ 250, ಪಾವಣೇ ದೋನಶೇ ಎಂದರೆ 175. ಈ ಮೂರು ಗೊತ್ತಿಲ್ಲದೆ ಠಾಣೆಯಲ್ಲಿ ರಿಕ್ಷಾ ಬಾಡಿಗೆಯೂ ತಿಳಿಯುವುದಿಲ್ಲ.

ಅರವತ್ತನೇ ದಿನದ ಪರೀಕ್ಷೆ ನಾಲ್ಕೇ ತುಂಡು ವಾಕ್ಯದ್ದು. ನಿನ್ನೆ ಏನು ಮಾಡಿದೆ ಎಂದು ತಡವರಿಸದೆ ಹೇಳಬೇಕು. ನಮ್ಮ ಸೊಸೈಟಿಯಲ್ಲಿ ಬಾಡಿಗೆಗಿರುವ, ವಾಗಳೆ ಎಸ್ಟೇಟಿನಲ್ಲಿ ಕೆಲಸ ಮಾಡುವ ಹಾಸನದ ಹುಡುಗಿಗೆ ನಾನು ಇದನ್ನೇ ಇಟ್ಟೆ. ಬರಬೇಕಾದದ್ದು ಹೀಗೆ: ‘ಮೀ ಬಾಜಾರಾತ್ ಗೇಲೇ, ಭಾಜೀ ಘೇತಲೀ, ದೂಧ ಆಣಲಂ, ಚಹಾ ಕೇಲಾ.’ ಹೋದದ್ದು ಮಾತಾಡುವ ಹೆಣ್ಣಿನ ಹಿಂದೆ, ಆದ್ದರಿಂದ ಗೇಲೇ. ಗಂಡಸಾದರೆ ಗೇಲೋ. ಉಳಿದ ಮೂರೂ ತರಕಾರಿ, ಹಾಲು, ಚಹಾದ ಹಿಂದೆ. ಅವಳು ಗೇಲೇ ಸರಿಯಾಗಿ ಹೇಳಿದಳು, ಘೇತಲೀ ಸರಿ, ಕೇಲಾ ಸರಿ. ಹಾಲು ಮಾತ್ರ ‘ಆಣಲಾ’ ಆಯಿತು.

“ಅಂಕಲ್, ಹಿಂದೀಲಿ ‘ಲಾಯಾ’ ಅಂತೀವಲ್ಲ, ಅದೇ ಬಾಯಿಗೆ ಬಂದ್ಬಿಡ್ತು,” ಎಂದಳು.

ಪೆಟ್ಟಿಗೆ ತೆಗೆದು ನೋಡಿದೆವು. ಮೊದಲ ಖಾನೆಗೆ ಮತ್ತೆ ಮತ್ತೆ ಮರಳಿದ್ದ ಚೀಟಿಗಳಲ್ಲಿ ಬಹುಪಾಲು ‘ತೇ’ ಪದಗಳೇ ಇದ್ದವು, ಅದರಲ್ಲೂ ಹಿಂದಿಯಲ್ಲಿ ಅವಳಿಗೆ ಮೊದಲೇ ಗೊತ್ತಿದ್ದವು. ಒಂಬತ್ತನೇ ವಾರ ಹೊಸ ಪದ ಪೂರ್ತಿ ನಿಲ್ಲಿಸಿ, ಆ ಪದಗಳನ್ನಷ್ಟೇ ಆಲಂ, ಆಣಲಂ, ಪಾಹಿಲಂ ಎಂದು ವಾಕ್ಯದಲ್ಲಿ ಸೇರಿಸಿ ಹೇಳಿಸಿದೆ. ಒಂಟಿ ಪದಕ್ಕಿಂತ ವಾಕ್ಯದಲ್ಲೇ ಲಿಂಗ ಬೇಗ ನಾಲಗೆಗೆ ಕೂರುತ್ತದೆ.

ಕೊನೆಯ ತಿಂಗಳಿಗೆ ನಾನು ಕೊಡುವುದು ಯಾವಾಗಲೂ ಒಂದೇ ಪುಸ್ತಕ, ಸಾನೆ ಗುರೂಜಿಯವರ ‘ಶ್ಯಾಮಚೀ ಆಈ’. ನಾಸಿಕದ ಜೈಲಿನಲ್ಲಿ ಬರೆದದ್ದು, 1935ರಲ್ಲಿ ಬಂದದ್ದು. ಶ್ಯಾಮ ಗೆಳೆಯರಿಗೆ ರಾತ್ರಿಗೊಂದರಂತೆ ತಾಯಿಯ ಕಥೆ ಹೇಳುತ್ತಾನೆ, ಅಧ್ಯಾಯಗಳ ಹೆಸರೂ ರಾತ್ರಿಗಳೇ. ಮೇಲಾಗಿ ಅದು ನಡೆದದ್ದನ್ನು ನೆನೆದು ಹೇಳುವ ಪುಸ್ತಕ, ಪುಟಪುಟದಲ್ಲೂ ಭೂತಕಾಲ. ಕೊಂಕಣದ ಬಡ ಮನೆಯ ಮಾತಾದ್ದರಿಂದ ಮನೆವಾರ್ತೆಯ ಪದಗಳೇ ಹೆಚ್ಚು. ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರಿಂದ ಇದೆ, ಕೇಳಿದರೆ ಕೊಡುತ್ತಾರೆ. ದಿನಕ್ಕೊಂದು ರಾತ್ರಿ ಓದಿ. ಪೆನ್ಸಿಲ್ ಹಿಡಿದು ಒಂದು ಪುಟದ ಪ್ರತಿ ಕ್ರಿಯಾಪದದಿಂದ ಅದು ಅನುಸರಿಸಿದ ನಾಮಪದಕ್ಕೆ ಗೆರೆ ಎಳೆಯಿರಿ (ಪುಸ್ತಕ ಗ್ರಂಥಾಲಯದ್ದಾದರೆ ಜೆರಾಕ್ಸ್ ಪ್ರತಿಯ ಮೇಲೆ). ಗೆರೆ ಎಳೆಯಲಾಗದ ಕಡೆ ‘ಲಾ’ ಪ್ರತ್ಯಯ ಹತ್ತಿದ ಮನುಷ್ಯರಿದ್ದಾರೆಯೇ ನೋಡಿ. ‘ತ್ಯಾಲಾ ಪಾಹಿಲಂ’, ‘ತಿಲಾ ಪಾಹಿಲಂ’ ಎನ್ನುವಾಗ ಕ್ರಿಯಾಪದ ಯಾರ ಹಿಂದೆಯೂ ಹೋಗದೆ ನಪುಂಸಕದಲ್ಲೇ ನಿಲ್ಲುತ್ತದೆ.

ತೊಂಬತ್ತನೇ ದಿನ ಗಡಕರಿ ರಂಗಾಯತನದಲ್ಲಿ ನಾಟಕದ ಹಾಸ್ಯವೆಲ್ಲ ತಿಳಿಯಬೇಕೆಂದು ಹಟ ಹಿಡಿಯಬೇಡಿ, ತಿಳಿಯುವುದಿಲ್ಲ. ಅಂದಿನ ತಪಾಸಣೆ ಫೋನಿನಲ್ಲಿ ನಡೆಯಲಿ. ಮುಖ ಕಾಣದ ಒಬ್ಬರೊಡನೆ ಐದು ನಿಮಿಷ, ಕಳೆದ ಭಾನುವಾರ ಏನೇನಾಯಿತು ಎಂದು ಹೇಳಿ ಮುಗಿಸಬೇಕು. ಹಾಸನದ ಹುಡುಗಿ ಈಗ ಹನ್ನೊಂದನೇ ವಾರದಲ್ಲಿದ್ದಾಳೆ. ಅವಳ ಫೋನ್ ಯಾರಿಗೆ ಎಂಬುದೂ ಗೊತ್ತಾಗಿದೆ: ಮನೆ ಮಾಲೀಕರ ತಾಯಿಗೆ. ಆ ಅಜ್ಜಿಗೆ ಹಿಂದಿ ಬರುವುದಿಲ್ಲ.