ಸ್ಟ್ಯಾಟಿಕ್ ಐಪಿ ಹಾಕಿಸುವ ಮುನ್ನ ರೂಟರಿನ ಪಟ್ಟಿ ಓದಿ

ಪೀಣ್ಯದ ಶೆಡ್ಡುಗಳಲ್ಲಿ ಕ್ಯಾಮೆರಾ ಹಾಕಿಸುವ ಮಾಲೀಕರು ಬಯಸುವುದು ಒಂದೇ: ರಾತ್ರಿ ಪಾಳಿಯಲ್ಲಿ ಮೆಷಿನ್ ಓಡುತ್ತಿದೆಯೋ ಇಲ್ಲವೋ ಎಂದು ಮನೆಯಲ್ಲಿ ಕೂತು ಮೊಬೈಲಿನಲ್ಲಿ ನೋಡಬೇಕು. ಅದಕ್ಕೆ ಕ್ಯಾಮೆರಾ ಹಾಕುವ ಹುಡುಗರು ಹೇಳುವ ಹಳೆಯ ದಾರಿ, ಬ್ರಾಡ್‌ಬ್ಯಾಂಡ್‌ನವರಿಗೆ ಸ್ವಲ್ಪ ಹೆಚ್ಚು ದುಡ್ಡು ಕಟ್ಟಿ ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳುವುದು. ದಾರಿಯೇನೋ ಸರಿ. ಆದರೆ ಆ ಐಪಿ ಚಾಲೂ ಆದ ಗಳಿಗೆಯಿಂದ, ಒಳಗಿನ ಯಂತ್ರಗಳು ಯುಪಿಎನ್‌ಪಿ ಮೂಲಕ ತಾವಾಗಿಯೇ ಕೇಳಿಕೊಂಡು ತೆರೆಸಿದ್ದ, ಅಲ್ಲಿಯತನಕ ಕೆಲಸಕ್ಕೆ ಬಾರದೆ ಬಿದ್ದಿದ್ದ ಪೋರ್ಟುಗಳೂ ನಿಜವಾಗಿ ತೆರೆದುಕೊಳ್ಳುತ್ತವೆ. ಅದನ್ನು ಮಾಲೀಕರಿಗೆ ಯಾರೂ ಹೇಳುವುದಿಲ್ಲ.

ಹೇಗೆಂದು ನೋಡೋಣ. ಮನೆಯಲ್ಲಿ ಹತ್ತು ಯಂತ್ರಗಳಿದ್ದರೂ ಹೊರಗೆ ಕಾಣುವುದು ರೂಟರಿನ ಒಂದು ವಿಳಾಸ ಮಾತ್ರ. ಒಳಗಿನಿಂದ ನಾವು ಒಂದು ಜಾಲತಾಣಕ್ಕೆ ಹೋದರೆ ಅದರ ಉತ್ತರ ಯಾರಿಗೆ ಸೇರಬೇಕೆಂದು ರೂಟರ್ ನೆನಪಿಟ್ಟುಕೊಂಡಿರುತ್ತದೆ. ಹೊರಗಿನಿಂದ ಯಾರಾದರೂ ತಾವಾಗಿ ಬಂದರೆ, ಯಾರಿಗೆ ಕೊಡಬೇಕೆಂದು ತಿಳಿಯದೆ ಆ ಪ್ಯಾಕೆಟ್ಟನ್ನು ಬಿಸಾಡುತ್ತದೆ. ಇದಕ್ಕೆ ನ್ಯಾಟ್ ಎನ್ನುತ್ತಾರೆ. ಹೊರಗಿನವರು ಒಳಗೆ ಬರಲೇಬೇಕಾದ ಕಡೆ, ಇಂಥ ಪೋರ್ಟಿಗೆ ಬಂದದ್ದನ್ನು ಇಂಥ ಯಂತ್ರಕ್ಕೆ ಕೊಡು ಎಂದು ರೂಟರಿನಲ್ಲಿ ಒಂದು ಸಾಲು ಬರೆಯಬೇಕು. ಅದೇ ಪೋರ್ಟ್ ಫಾರ್ವರ್ಡಿಂಗ್.

ಆ ಸಾಲನ್ನು ಮನುಷ್ಯರ ಬದಲು ಯಂತ್ರವೇ ಬರೆಸಿಕೊಳ್ಳುವ ವ್ಯವಸ್ಥೆ ಯುಪಿಎನ್‌ಪಿ. ರೂಟರುಗಳಿಗಾಗಿ ಇದರ ಮೊದಲ ನಿಯಮಾವಳಿ ಬಂದದ್ದು 2001ರಲ್ಲಿ. ಯಂತ್ರ ಮೊದಲು 239.255.255.250 ಎಂಬ ವಿಳಾಸಕ್ಕೆ, 1900ನೇ ಯುಡಿಪಿ ಪೋರ್ಟಿನಲ್ಲಿ, ಇಲ್ಲಿ ಗೇಟ್‌ವೇ ಯಾರು ಎಂದು ಎಲ್ಲರಿಗೂ ಕೇಳುವಂತೆ ಕೂಗು ಹಾಕುತ್ತದೆ. ರೂಟರ್ ತನ್ನ ವಿವರ ಇರುವ ಕಡತದ ವಿಳಾಸವನ್ನು ಕೊಡುತ್ತದೆ. ಯಂತ್ರ ಆ ಕಡತ ಓದಿ `AddPortMapping` ಎಂಬ ಆಜ್ಞೆ ಕಳಿಸುತ್ತದೆ: ಹೊರಗಿನ ಪೋರ್ಟ್ ಇದು, ಒಳಗಿನ ವಿಳಾಸ ಇದು, ಇಷ್ಟು ಸೆಕೆಂಡು ಇರಲಿ. ರೂಟರ್ ಸರಿ ಎನ್ನುತ್ತದೆ. ಈ ಮಾತುಕತೆಯಲ್ಲಿ ಎಲ್ಲಿಯೂ ಪಾಸ್‌ವರ್ಡ್ ಇಲ್ಲ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿರುವ ಸೆಕ್ಯುರಿಟಿಯವರು, ಇಂಟರ್‌ಕಾಮಿನಲ್ಲಿ ಯಾವ ಫ್ಲ್ಯಾಟಿನಿಂದ ಯಾರ ದನಿ ಬಂದರೂ ಮರುಮಾತಾಡದೆ ಬಂದವರನ್ನು ಒಳಗೆ ಬಿಟ್ಟಂತೆ. ಮನೆಯೊಳಗಿರುವ ಎಲ್ಲವೂ ನಂಬಿಕಸ್ಥ ಎಂಬ ಊಹೆಯ ಮೇಲೆ ಕಟ್ಟಿದ ವ್ಯವಸ್ಥೆ ಇದು. ಅಗ್ಗದ ಕ್ಯಾಮೆರಾ, ಸ್ಮಾರ್ಟ್ ಪ್ಲಗ್ಗು, ಟಿವಿ ಬಾಕ್ಸುಗಳು ಮನೆ ಸೇರಿದ ಮೇಲೆ ಆ ಊಹೆ ನಿಲ್ಲುವುದಿಲ್ಲ.

ಹಾಗಿದ್ದೂ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಏನೂ ಅನಾಹುತವಾಗದಿರಲು ಬೇರೆಯೇ ಕಾರಣವಿದೆ. ಐಪಿವಿ4 ವಿಳಾಸಗಳ ಬರದಿಂದ ಕಂಪನಿಗಳು ಮನೆ ಮನೆಗೂ ಸಾರ್ವಜನಿಕ ವಿಳಾಸ ಕೊಡದೆ, ತಮ್ಮ ಕಡೆಯೇ ದೊಡ್ಡದೊಂದು ನ್ಯಾಟ್ ಇಟ್ಟು ಒಂದೇ ವಿಳಾಸವನ್ನು ಬಹಳ ಮಂದಿಗೆ ಹಂಚುತ್ತವೆ. ಇದು ಸಿಜಿನ್ಯಾಟ್. ನಿಮ್ಮ ರೂಟರಿನ ಸ್ಟೇಟಸ್ ಪುಟದಲ್ಲಿ WAN IP ಎಂಬಲ್ಲಿರುವ ವಿಳಾಸ 100.64ರಿಂದ 100.127ರೊಳಗೆ ಶುರುವಾದರೆ ನೀವು ಅದರ ಹಿಂದಿದ್ದೀರಿ. ಆಗ ನಿಮ್ಮ ರೂಟರ್ ಯಾವ ಪೋರ್ಟ್ ತೆರೆದರೂ ಕಂಪನಿಯ ನ್ಯಾಟ್ ಅದನ್ನು ಅರಿಯದು, ಹೊರಗಿನವರು ನಿಮ್ಮ ತನಕ ಬರಲಾರರು. ಕೆಲವು ರೂಟರುಗಳು ಇಂಥ ಸ್ಥಿತಿಯಲ್ಲಿ ಯುಪಿಎನ್‌ಪಿ ಕೋರಿಕೆಯನ್ನು ತಿರಸ್ಕರಿಸುತ್ತವೆ. ಉಳಿದವು ಸರಿ ಎಂದು ಹೇಳಿ ಪಟ್ಟಿಯಲ್ಲಿ ಬರೆದುಕೊಳ್ಳುತ್ತವೆ. ಸ್ಟ್ಯಾಟಿಕ್ ಐಪಿ ಬಂತೆಂದರೆ ಆ ಮರೆ ಹೋಯಿತು.

ಪೀಣ್ಯ ಎರಡನೇ ಹಂತದಲ್ಲಿ ಟರ್ನಿಂಗ್ ಕೆಲಸ ಮಾಡುವ ಗೆಳೆಯರೊಬ್ಬರ ಶೆಡ್ಡಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಸ್ಟ್ಯಾಟಿಕ್ ಐಪಿ ಹಾಕಿಸಿಕೊಂಡಿದ್ದ ಅವರು ಇಂಟರ್‌ನೆಟ್ ನಿಧಾನವೆಂದು ನೋಡಲು ಕರೆದಿದ್ದರು. ರೂಟರಿಗೆ ಲ್ಯಾಪ್‌ಟಾಪ್ ಜೋಡಿಸಿ, `miniupnpc` ಎಂಬ ಉಚಿತ ತಂತ್ರಾಂಶದ ಪಟ್ಟಿ ತೋರಿಸುವ ಆಜ್ಞೆ ಕೊಟ್ಟೆ. ಹೊರವಿಳಾಸ ಬಿಟ್ಟು, ಬಂದದ್ದು ಇಷ್ಟು:

```
$ upnpc -l
 i protocol exPort->inAddr:inPort description remoteHost leaseTime
 0 TCP    80->192.168.1.64:80    'HTTP' '' 0
 1 TCP   554->192.168.1.64:554   'RTSP' '' 0
 2 TCP 51413->192.168.1.23:51413 'Transmission at 51413' '' 0
```

ಮೊದಲೆರಡು ಸಾಲು ಡಿವಿಆರ್‌ನವು. 80 ಅದರ ಲಾಗಿನ್ ಪುಟ, 554 ವಿಡಿಯೊ ಹರಿಯುವ ದಾರಿ. `remoteHost` ಖಾಲಿ ಎಂದರೆ ಪ್ರಪಂಚದ ಯಾರು ಬೇಕಾದರೂ ಬರಬಹುದು. ಕೊನೆಯ ಸೊನ್ನೆಗೆ ಈ ರೂಟರಿನ ಲೆಕ್ಕದಲ್ಲಿ ಅವಧಿಯೇ ಇಲ್ಲವೆಂದು ಅರ್ಥ. ತೆಗೆಯುವ ತನಕ ಇರುತ್ತದೆ. ಮೂರನೆಯದು ಟೊರೆಂಟ್ ತಂತ್ರಾಂಶದ್ದು. ಅದನ್ನು ಹಾಕಿಕೊಂಡಿದ್ದ ಕಂಪ್ಯೂಟರ್ ಈಗ ಶೆಡ್ಡಿನಲ್ಲಿಲ್ಲ. 192.168.1.23 ಎಂಬ ವಿಳಾಸ ಈಗ ಬಿಲ್ಲಿಂಗ್ ಕಂಪ್ಯೂಟರಿಗೆ ಸಿಕ್ಕಿದೆ. ಸಾಲು ಬರೆದಿರುವುದು ವಿಳಾಸಕ್ಕೇ ಹೊರತು ಯಂತ್ರಕ್ಕಲ್ಲ, ಆದ್ದರಿಂದ ಹಳೆಯ ಯಂತ್ರ ಹೋದರೂ ತೂತು ಉಳಿದು ಹೊಸಬರ ಪಾಲಿಗೆ ಬಂತು. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಆ ಪೋರ್ಟಿಗೆ ಉತ್ತರಿಸುವ ತಂತ್ರಾಂಶ ಇಲ್ಲದ್ದರಿಂದ ಸದ್ಯಕ್ಕೆ ತೊಂದರೆಯಾಗಿರಲಿಲ್ಲ.

ಮೊಬೈಲಿನ ವೈಫೈ ಆರಿಸಿ, ಸಿಮ್ ಡೇಟಾದಲ್ಲಿ ಆ ಸ್ಟ್ಯಾಟಿಕ್ ಐಪಿಯನ್ನು ಬ್ರೌಸರಿನಲ್ಲಿ ಹೊಡೆದು ತೋರಿಸಿದೆ. ಡಿವಿಆರ್‌ನ ಲಾಗಿನ್ ಪುಟ ನೇರವಾಗಿ ತೆರೆದುಕೊಂಡಿತು.

“ಬಂದ್ರೆ ಬರ್ಲಿ ಬಿಡಿ ಸಾರ್, ಪಾಸ್‌ವರ್ಡ್ ಇದೆಯಲ್ಲ,” ಎಂದರು ಗೆಳೆಯರು.

“ಪಾಸ್‌ವರ್ಡ್ ಕೇಳೋ ಪುಟದಲ್ಲೇ ದೋಷ ಇದ್ರೆ?” ಎಂದೆ.

ಇದೇ ಇಲ್ಲಿನ ಮುಖ್ಯ ವಿಷಯ. ಡಿವಿಆರ್ ಕೂಡ ಒಂದು ಪುಟ್ಟ ಕಂಪ್ಯೂಟರ್. ಅದರ ತಂತ್ರಾಂಶದಲ್ಲಿ ಪಾಸ್‌ವರ್ಡನ್ನೇ ದಾಟಿ ಹೋಗುವ ದೋಷಗಳು ಹಲವು ತಯಾರಕರ ಉಪಕರಣಗಳಲ್ಲಿ ಪತ್ತೆಯಾಗಿವೆ. ತಯಾರಕರು ಹೊಸ ಫರ್ಮ್‌ವೇರ್ ಬಿಟ್ಟರೂ ಗೋಡೆಗೆ ಹೊಡೆದ ಪೆಟ್ಟಿಗೆಯನ್ನು ಯಾರೂ ಅಪ್‌ಡೇಟ್ ಮಾಡುವುದಿಲ್ಲ. ಪೋರ್ಟ್ ಮುಚ್ಚಿದ್ದರೆ ಹಳೆಯ ಫರ್ಮ್‌ವೇರ್ ಒಳಗಿನವರಿಗಷ್ಟೇ ಕಾಣುತ್ತದೆ, ತೆರೆದಿದ್ದರೆ ದಿನವಿಡೀ ವಿಳಾಸಗಳನ್ನು ಹುಡುಕುತ್ತಲೇ ಇರುವ ಪ್ರತಿಯೊಂದು ಸ್ಕ್ಯಾನರಿಗೂ ಕಾಣುತ್ತದೆ. ಡಿವಿಆರ್ ಕೈವಶವಾದರೆ ಬಿಲ್ಲಿಂಗ್ ಕಂಪ್ಯೂಟರ್ ಅದೇ ಜಾಲದಲ್ಲಿ ಪಕ್ಕದಲ್ಲೇ ಇದೆ.

ಕೆಡುಕಿನ ಉದ್ದೇಶವೇ ಇಲ್ಲದ ಯಂತ್ರದಿಂದಲೂ ಹೀಗಾಗುತ್ತದೆ ಎಂಬುದಕ್ಕೆ 2019ರ ಜನವರಿಯಲ್ಲಿ ಸಾಕ್ಷಿ ಸಿಕ್ಕಿತು. ಪ್ರಪಂಚದ ಹಲವೆಡೆ ಕ್ರೋಮ್‌ಕಾಸ್ಟ್ ಹಾಕಿದ್ದ ಟಿವಿಗಳಲ್ಲಿ, ನಿಮ್ಮ ಉಪಕರಣ ಅಂತರಜಾಲಕ್ಕೆ ತೆರೆದಿದೆ ಎಂಬ ವಿಡಿಯೊ ತಾನಾಗಿ ಓಡಿತು. ಮಾಡಿದವರು ಹುಡುಕಿಕೊಂಡದ್ದು ಯುಪಿಎನ್‌ಪಿಯಿಂದ ತೆರೆದ ಪೋರ್ಟುಗಳನ್ನು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ರೂಟರ್ ಒಳಗಿನವರ ಮಾತು ಮಾತ್ರ ಕೇಳಬೇಕು ಎಂಬ ನಿಯಮವನ್ನೇ ಕೆಲವು ರೂಟರುಗಳು ಪಾಲಿಸದೆ ಹೊರಗಿನಿಂದ ಬಂದ `AddPortMapping` ಆಜ್ಞೆಗೂ ಸರಿ ಎನ್ನುತ್ತಿದ್ದವು. 2018ರ ನವೆಂಬರಿನಲ್ಲಿ ಅಕಮಾಯ್ ಕಂಪನಿಯ ಸಂಶೋಧಕರು ಇಂಥ 45,113 ರೂಟರುಗಳ ಪಟ್ಟಿಯಲ್ಲಿ ಯಾರೋ ಹೊರಗಿನವರು ಬರೆದಿಟ್ಟ ಸಾಲುಗಳನ್ನು ಕಂಡರು. ವಿವರಣೆಯ ಜಾಗದಲ್ಲಿ `galleta silenciosa` ಎಂದಿತ್ತು. ಸಾಲುಗಳು ಗುರಿಯಿಟ್ಟದ್ದು ಒಳಗಿನ ಕಂಪ್ಯೂಟರುಗಳ 139 ಮತ್ತು 445ನೇ ಪೋರ್ಟುಗಳನ್ನು. 2017ರ ವಾನಾಕ್ರೈ ಹರಡಿದ್ದು ಇದೇ 445ರ ಮೂಲಕ. ನಿಮ್ಮ ಪಟ್ಟಿಯಲ್ಲಿ ನಿಮ್ಮ ಯಾವ ಯಂತ್ರಕ್ಕೂ ಹೊಂದದ ವಿವರಣೆ ಅಥವಾ 139, 445 ಕಂಡರೆ ಆ ರೂಟರಿನ ಫರ್ಮ್‌ವೇರನ್ನು, ಇಲ್ಲವೇ ರೂಟರನ್ನೇ ಬದಲಿಸುವ ಯೋಚನೆ ಮಾಡಬೇಕು.

ಗೆಳೆಯರ ಶೆಡ್ಡಿನಲ್ಲಿ ಮೊದಲು `upnpc -d 554 TCP` ಎಂಬ ಮಾದರಿಯಲ್ಲಿ ಮೂರೂ ಸಾಲು ಅಳಿಸಿದೆವು. ಡಿವಿಆರ್ ಮರುಚಾಲನೆಯಾದ ಕೂಡಲೇ ಅದರ ಎರಡು ಸಾಲು ಮತ್ತೆ ಬಂದವು, ಏಕೆಂದರೆ ಕೇಳುತ್ತಿದ್ದದ್ದೇ ಅದು. ಎರಡೂ ಕಡೆ ನಿಲ್ಲಿಸಬೇಕು: ಡಿವಿಆರ್‌ನ ನೆಟ್‌ವರ್ಕ್ ಮೆನುವಿನಲ್ಲಿ UPnP ಆಫ್ ಮಾಡಿ, ರೂಟರಿನಲ್ಲೂ ಆಫ್ ಮಾಡಿ. ನಂತರ ಎರಡನ್ನೂ ಮರುಚಾಲೂ ಮಾಡಿ, ಸಿಮ್ ಡೇಟಾದಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ಪುಟ ತೆರೆಯದಿದ್ದರೆ ಕೆಲಸ ಆಯಿತು.

ಹಾಗಾದರೆ ಮನೆಯಿಂದ ಕ್ಯಾಮೆರಾ ನೋಡುವುದು ಹೇಗೆ? ಸ್ಟ್ಯಾಟಿಕ್ ಐಪಿ ಇರುವವರಿಗೆ ಒಳ್ಳೆಯ ದಾರಿ ವೈರ್‌ಗಾರ್ಡ್. ರೂಟರಿನಲ್ಲಿ ಇದನ್ನು ಹಾಕಿ ಒಂದೇ ಒಂದು ಯುಡಿಪಿ ಪೋರ್ಟ್ ತೆರೆದರೆ ಸಾಕು. ಸರಿಯಾದ ಕೀ ಇಲ್ಲದ ಪ್ಯಾಕೆಟ್ಟಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಸ್ಕ್ಯಾನರಿಗೆ ಅಲ್ಲಿ ಏನೋ ಇದೆ ಎಂದೂ ತಿಳಿಯದು. ಮೊಬೈಲಿನಲ್ಲಿ ವೈರ್‌ಗಾರ್ಡ್ ಒತ್ತಿದರೆ ಶೆಡ್ಡಿನ ಜಾಲದಲ್ಲೇ ಕೂತಂತೆ ಕ್ಯಾಮೆರಾ ಕಾಣುತ್ತದೆ. ಗೆಳೆಯರು ಕಟ್ಟುತ್ತಿದ್ದ ಹೆಚ್ಚಿನ ದುಡ್ಡು ಹೀಗೆ ಸರಿಯಾದ ಕೆಲಸಕ್ಕೆ ಬಂತು. ಸಿಜಿನ್ಯಾಟ್ ಹಿಂದಿರುವವರು ತಯಾರಕರ ಕ್ಲೌಡ್ ಆ್ಯಪ್ ಬಳಸಬಹುದು. ಅದರಲ್ಲಿ ಡಿವಿಆರ್ ತಾನೇ ಹೊರಗೆ ಸಂಪರ್ಕ ಮಾಡುವುದರಿಂದ ಪೋರ್ಟ್ ತೆರೆಯಬೇಕಿಲ್ಲ, ಆದರೆ ನಿಮ್ಮ ದೃಶ್ಯಗಳ ವಿಷಯದಲ್ಲಿ ಆ ಕಂಪನಿಯನ್ನು ನಂಬಬೇಕಾಗುತ್ತದೆ.

ಯುಪಿಎನ್‌ಪಿಗೆ ನ್ಯಾಯವಾದ ಜಾಗವೂ ಇದೆ. ಎಲೆಕ್ಟ್ರಾನಿಕ್ ಸಿಟಿಯ ಫ್ಲ್ಯಾಟೊಂದರಲ್ಲಿ ಎರಡು ಎಕ್ಸ್‌ಬಾಕ್ಸ್ ಇದ್ದರೆ ಎರಡೂ 3074ನೇ ಪೋರ್ಟನ್ನು ಬಯಸುತ್ತವೆ. ಕೈಯಾರೆ ಬರೆದರೆ ಆ ಪೋರ್ಟನ್ನು ಒಂದಕ್ಕಷ್ಟೇ ಕೊಡಬಹುದು. ಯುಪಿಎನ್‌ಪಿ ಇದ್ದರೆ ಎರಡನೆಯದು ಬೇರೆ ಪೋರ್ಟ್ ಕೇಳಿ ಪಡೆಯುತ್ತದೆ. ಆದರೆ ಸಿಜಿನ್ಯಾಟ್ ಇದ್ದರೆ ಈ ಲಾಭವೂ ಸಿಗದು. ರೂಟರ್ ಪೋರ್ಟ್ ತೆರೆದಿದೆ ಎಂದರೂ ಎಕ್ಸ್‌ಬಾಕ್ಸ್ NAT ಸ್ಟ್ರಿಕ್ಟ್ ಎಂದೇ ತೋರಿಸುತ್ತಿರಬಹುದು.

ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಂಡ ರೂಟರಿದ್ದರೆ ನಡುದಾರಿ ಇದೆ. ಅದರ `/etc/config/upnpd` ಕಡತದಲ್ಲಿ `secure_mode` ಎಂಬುದು 1 ಆಗಿದ್ದರೆ ಒಂದು ಯಂತ್ರ ತನಗೆ ಮಾತ್ರ ಪೋರ್ಟ್ ಕೇಳಬಹುದು, ಪಕ್ಕದ ಯಂತ್ರಕ್ಕೆ ಕೇಳುವಂತಿಲ್ಲ. ಜೊತೆಗೆ ಎಕ್ಸ್‌ಬಾಕ್ಸಿನ ವಿಳಾಸಕ್ಕೆ 1024ರಿಂದ ಮೇಲಿನ ಪೋರ್ಟುಗಳಿಗೆ ಅನುಮತಿ, ಉಳಿದದ್ದಕ್ಕೆಲ್ಲ ನಿರಾಕರಣೆ ಎಂದು ನಿಯಮ ಬರೆಯಬಹುದು. ಆಗ ಡಿವಿಆರ್ ಎಷ್ಟು ಕೇಳಿದರೂ ಸಿಗದು.

ನನ್ನ ತೀರ್ಮಾನ ಇಷ್ಟೇ. ಕಾರ್ಖಾನೆ, ಕಚೇರಿ, ಕ್ಯಾಮೆರಾ ಇರುವ ಕಡೆ ಯುಪಿಎನ್‌ಪಿ ಆಫ್ ಮಾಡಿಡಿ. ಆಟದ ಯಂತ್ರವಿದ್ದು, ಸಾರ್ವಜನಿಕ ವಿಳಾಸವೂ ಇರುವ ಮನೆಯಲ್ಲಿ ನಿಯಮ ಹಾಕಿ ಇಟ್ಟುಕೊಳ್ಳಬಹುದು. ಉಳಿದ ಮನೆಗಳಲ್ಲಿ ಅದರಿಂದ ಉಪಯೋಗವಿಲ್ಲ. ಸ್ಟ್ಯಾಟಿಕ್ ಐಪಿಗೆ ಅರ್ಜಿ ಹಾಕುತ್ತಿರುವವರು ದಯವಿಟ್ಟು ಅದು ಚಾಲೂ ಆಗುವ ಮೊದಲೇ ರೂಟರಿನ UPnP ಪುಟ ತೆರೆದು ಅಲ್ಲಿನ ಪ್ರತಿಯೊಂದು ಸಾಲಿನ ಯಜಮಾನ ಯಾರೆಂದು ಗುರುತಿಸಿ. ಯಜಮಾನನಿಲ್ಲದ ಸಾಲನ್ನು ಅಳಿಸಿ.