ಖಾಲಿ ಜಾಗವನ್ನು ಓದಿದ ಉತ್ತರ

ಜೋಗೇಶ್ವರಿ-ವಿಕ್ರೋಲಿ ಲಿಂಕ್ ರೋಡ್ ಪಕ್ಕದ ಕಚೇರಿಯೊಂದರಲ್ಲಿ ಸಂದರ್ಶನಕ್ಕೆ ಬಂದಿದ್ದ ಹುಡುಗಿಯ ಉತ್ತರ ನನಗೆ ಬಹಳ ಹಿಡಿಸಿತು. ಪ್ರಶ್ನೆ ಇಷ್ಟೇ: `/orders` ಎಪಿಐ ನಿಧಾನವಾಗಿದೆ, ಏನು ಮಾಡುತ್ತೀರಿ?

ಅವಳು ಮೊದಲು ಕೇಳಿದ್ದು, "ಎಲ್ಲರಿಗೂ ನಿಧಾನವೇ ಸರ್, ಕೆಲವರಿಗೆ ಮಾತ್ರವೇ?" ಮೆಟ್ರಿಕ್ಸ್ ಕೊಟ್ಟೆವು. ಅರ್ಧದಷ್ಟು ವಿನಂತಿಗಳು 80 ಮಿಲಿಸೆಕೆಂಡಿನೊಳಗೆ ಮುಗಿಯುತ್ತವೆ. ನೂರಕ್ಕೊಂದು ಮಾತ್ರ 3 ಸೆಕೆಂಡು ದಾಟುತ್ತದೆ. ಸರಾಸರಿ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಆ ನಿಧಾನದ ವಿನಂತಿಯದೇ ಟ್ರೇಸ್ ಬೇಕೆಂದಳು. ಅದರಲ್ಲಿ ಡೇಟಾಬೇಸ್ ಕ್ವೆರಿಗೆ ಹಿಡಿದದ್ದು ಬರೀ 20 ಮಿಲಿಸೆಕೆಂಡು. ಬಹುತೇಕರು ಇಲ್ಲಿ ಇಂಡೆಕ್ಸ್ ಮಾತೆತ್ತುತ್ತಾರೆ. ಅವಳು ಕ್ವೆರಿಗೆ ಮುಂಚಿನ ಖಾಲಿ ಜಾಗಕ್ಕೆ ಬೆರಳಿಟ್ಟಳು: "ಇಲ್ಲಿ ಕೆಲಸ ನಡೆದಿಲ್ಲ. ಕನೆಕ್ಷನ್‌ಗಾಗಿ ಕಾಯುತ್ತಿರಬಹುದು." ಪೂಲ್‌ನ ಮೆಟ್ರಿಕ್ ನೋಡಿದರೆ 20ಕ್ಕೆ 20 ಕನೆಕ್ಷನ್‌ಗಳೂ ಬಳಕೆಯಲ್ಲಿದ್ದವು; ಡೇಟಾಬೇಸ್‌ನ ಸಿಪಿಯು ಮಾತ್ರ ನಿರಾಳ.

ಹಿಡಿದುಕೊಂಡವರು ಯಾರು? ಅದೇ ನಿಮಿಷದ ಲಾಗ್‌ಗಳಲ್ಲಿ ಒಟ್ಟಿಗೆ ಓಡುತ್ತಿದ್ದ ವರದಿ ರಫ್ತಿನ ಕೆಲಸಗಳು ಸಿಕ್ಕವು. ಅವು ಟ್ರಾನ್ಸಾಕ್ಷನ್ ತೆರೆದಿಟ್ಟೇ ಫೈಲ್ ಅಪ್‌ಲೋಡ್ ಮಾಡುತ್ತಿದ್ದವು. ಪೂಲ್ ದೊಡ್ಡದು ಮಾಡುವುದನ್ನು ಅವಳು ಒಪ್ಪಲಿಲ್ಲ. ಅಪ್‌ಲೋಡಿಗೆ ಮೊದಲೇ ಕನೆಕ್ಷನ್ ಬಿಡಬೇಕು, ಆಮೇಲೆ ಅದೇ ನೂರಕ್ಕೊಂದರ ಅಂಕಿ ಇಳಿಯಿತೇ ನೋಡಬೇಕು ಎಂದಳು. ಟ್ರೇಸ್‌ಗಳನ್ನು ಯಾದೃಚ್ಛಿಕವಾಗಿ ಆಯ್ದು ಉಳಿಸುವ ಕಡೆ ಇಂಥ ವಿನಂತಿಯೇ ತಪ್ಪಿಹೋಗಬಹುದು, ಹಾಗಾಗಿ ನಿಧಾನವಾದವನ್ನು ತಪ್ಪದೆ ಉಳಿಸಬೇಕು ಎಂದೂ ಸೇರಿಸಿದಳು.