ತಿದ್ದುವಿಕೆಯ ಮೂರು ಸುತ್ತು

ಕರಡನ್ನು ಒಂದೇ ಏಟಿಗೆ ತಿದ್ದಬಾರದು, ಮೊದಲ ಸುತ್ತಿನಲ್ಲಿ ಅರ್ಥ, ಎರಡನೆಯದರಲ್ಲಿ ಬಂಧ, ಮೂರನೆಯದರಲ್ಲಿ ವಾಕ್ಯ ನೋಡಬೇಕು ಎನ್ನುವುದು ಬರವಣಿಗೆ ಕಲಿಸುವವರ ಹಳೆಯ ಸಲಹೆ. ವರದಿಗೆ ಇದು ಸಲೀಸಾಗಿ ಒಗ್ಗುತ್ತದೆ, ಏಕೆಂದರೆ ಅಲ್ಲಿ ಹೇಳಬೇಕಾದ್ದು ಮೊದಲೇ ಗೊತ್ತಿರುತ್ತದೆ. ನೆನಪೊಂದನ್ನು ಹಿಡಿದು ಯೋಚಿಸುತ್ತ ಸಾಗುವ ಪ್ರಬಂಧದ ಮಾತು ಬೇರೆ. ಅಲ್ಲಿ ಬರೆಯುವುದೇ ಹುಡುಕುವ ಕೆಲಸ. ಅಂಥ ಕರಡಿಗೂ ಈ ಕ್ರಮ ಸಲ್ಲುತ್ತದೆಯೇ? ನನ್ನದೇ ಒಂದು ಕರಡಿನ ಮೇಲೆ ಇದನ್ನು ಪರೀಕ್ಷಿಸಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಸಿಕ್ಕಿದ ಮನೆಖರ್ಚಿನ ಲೆಕ್ಕದ ಪುಸ್ತಕದ ಬಗ್ಗೆ ಬರೆದ ಪ್ರಬಂಧ ಅದು. ಒಂಬತ್ತು ಪ್ಯಾರಾ. ಹಾಲು, ಸೀಮೆಎಣ್ಣೆ, ಅಂಚೆ ಕಾರ್ಡುಗಳ ನಡುವೆ ಪ್ರತಿ ತಿಂಗಳೂ ‘ಇತರೆ – 20 ರೂ.’ ಎಂಬ ಸಾಲು. ಅದು ಗಂಡನನ್ನು ಕಳೆದುಕೊಂಡ ಅತ್ತೆಗೆ ಹೋಗುತ್ತಿದ್ದ ಹಣವೆಂದು ಅಮ್ಮ ಹೇಳಿದಾಗಲೇ ನನಗೆ ಗೊತ್ತಾದದ್ದು.

ಅರ್ಥದ ಸುತ್ತಿನಲ್ಲಿ ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಏನು ಹೇಳುತ್ತಿದೆ ಎಂದು ಒಂದು ಸಾಲು ಬರೆದೆ. ಆರು ಕಡೆ ‘ಅಪ್ಪನ ಕೈ ಬಿಗಿ’ ಎಂದಾಯಿತು, ಎರಡು ಕಡೆ ‘ಅಪ್ಪನ ಗುಟ್ಟಿನ ಉದಾರತೆ’. ಮೊದಲ ಪ್ಯಾರಾದ ಪಕ್ಕದಲ್ಲಿ ಮಾತ್ರ ಬರೆಯಲು ಏನೂ ತೋಚಲಿಲ್ಲ. ಹಳೆಯ ಕಾಗದದ ವಾಸನೆಯನ್ನು ವರ್ಣಿಸುವ ಆ ಪ್ಯಾರಾವನ್ನು ಎರಡು ಸಂಜೆ ಕೂತು ನಯಗೊಳಿಸಿದ್ದೆ. ಈ ಕ್ರಮದ ಪರವಾಗಿ ಹೇಳಬಹುದಾದ ದೊಡ್ಡ ಮಾತು ಇಲ್ಲೇ ಇದೆ. ವಾಕ್ಯ ನಯವಾದಷ್ಟೂ ಅದನ್ನು ಕಿತ್ತುಹಾಕಲು ಕೈ ಬರುವುದಿಲ್ಲ. ವಾಕ್ಯದಿಂದ ತಿದ್ದಲು ಶುರುಮಾಡಿದವನು ಬೇಡದ ಪ್ಯಾರಾವನ್ನು ಉಳಿಸಿಕೊಳ್ಳಲು ಪ್ರಬಂಧದ ಅರ್ಥವನ್ನೇ ಅದರ ಕಡೆಗೆ ಬಗ್ಗಿಸುತ್ತಾನೆ.

ಬಂಧದ ಸುತ್ತಿಗೆ ಪ್ಯಾರಾಗಳನ್ನು ಕತ್ತರಿಸಿ ನೆಲದ ಮೇಲೆ ಹರಡಿದೆ. ಅತ್ತೆಯ ವಿಷಯ ಎರಡನೆಯ ಪ್ಯಾರಾದಲ್ಲೇ ಬಂದುಬಿಟ್ಟಿತ್ತು, ಹಾಗಾಗಿ ಮುಂದಿನ ಜಿಪುಣತನದ ಪ್ರಸಂಗಗಳು ಬರೀ ಪಟ್ಟಿಯಾಗಿದ್ದವು. ಅದನ್ನು ಏಳನೆಯ ಜಾಗಕ್ಕೆ ಒಯ್ದೆ. ಓದುಗ ಈಗ ನನ್ನ ಹಾಗೆಯೇ ಮೊದಲು ತಪ್ಪು ತಿಳಿಯುತ್ತಾನೆ. ಬಂಧ ಸರಿಯಿಲ್ಲವೆಂದು ತಿಳಿಯಲು ಇದೊಂದು ಒಳ್ಳೆಯ ಪರೀಕ್ಷೆ: ಎರಡು ಪ್ಯಾರಾಗಳನ್ನು ಅದಲುಬದಲು ಮಾಡಿದರೂ ಏನೂ ಕೆಡದಿದ್ದರೆ, ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡಿಲ್ಲ.

ಮೂರನೆಯ ಸುತ್ತಿನಲ್ಲಿ ಗಟ್ಟಿಯಾಗಿ ಓದಿದೆ. ‘ಅನ್ನಿಸುತ್ತದೆ’ ಹನ್ನೊಂದು ಸಲ ಬಂದಿತ್ತು, ಎರಡನ್ನು ಉಳಿಸಿದೆ. ಸಾಲಾಗಿ ಐದು ವಾಕ್ಯ ‘ಇತ್ತು’ ಎಂದೇ ಮುಗಿಯುತ್ತಿದ್ದವು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ನಿಲ್ಲುವುದರಿಂದ ಈ ಏಕತಾನ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ.

ಅಷ್ಟರಲ್ಲಿ ಕೊನೆಯ ಸಾಲು ಹಟ ಹಿಡಿಯಿತು. ‘ಅಪ್ಪ ಇದನ್ನು ನನ್ನಿಂದ ಮುಚ್ಚಿಟ್ಟಿದ್ದರು’ ಎಂದು ಬರೆದಿದ್ದೆ. ವ್ಯಾಕರಣ ಸರಿ, ಆದರೂ ಸುಳ್ಳಿನಂತೆ ಕೇಳಿಸಿತು. ಪುಸ್ತಕವೇನೋ ಬೀಗ ಹಾಕದ ಗೂಡಿನಲ್ಲೇ ಇತ್ತಲ್ಲ. ‘ಅಪ್ಪ ಹೇಳಲಿಲ್ಲ’ ಎಂದು ಬದಲಿಸಿದೆ, ಅದೂ ಕೂರಲಿಲ್ಲ. ಕೊನೆಗೆ ‘ನಾನು ಕೇಳಲಿಲ್ಲ’ ಎಂದು ಬಂತು. ಬರೀ ಕ್ರಿಯಾಪದ ಹುಡುಕಲು ಹೋದವನಿಗೆ ಕರ್ತೃವೇ ಬದಲಾಗಿತ್ತು. ಪ್ರಬಂಧ ಅಪ್ಪನ ಉದಾರತೆಯದ್ದಲ್ಲ, ಮಗನ ನಿರಾಸಕ್ತಿಯದ್ದು. ಮತ್ತೆ ಮೊದಲ ಸುತ್ತಿಗೆ ಮರಳಿ, ಮೂರನೆಯ ಪ್ಯಾರಾದಲ್ಲಿ ಅಪ್ಪನ ಮೇಲೆ ಹೊರಿಸಿದ್ದ ದೂರನ್ನು ಬೇರೆಯಾಗಿ ಬರೆಯಬೇಕಾಯಿತು.

ಈ ಕ್ರಮದ ಕೊರತೆ ಇಲ್ಲಿ ಕಾಣುತ್ತದೆ. ಅರ್ಥ ಮೊದಲೇ ತೀರ್ಮಾನವಾಗುತ್ತದೆ, ವಾಕ್ಯ ಅದಕ್ಕೆ ತೊಡಿಸುವ ಅಂಗಿ ಮಾತ್ರ ಎಂದು ಅದು ನಂಬಿದಂತಿದೆ. ನ್ಯಾನ್ಸಿ ಸಾಮರ್ಸ್ 1980ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಇಪ್ಪತ್ತು ವಿದ್ಯಾರ್ಥಿಗಳು ಮತ್ತು ಇಪ್ಪತ್ತು ನುರಿತ ಬರಹಗಾರರು ತಿದ್ದುವ ಬಗೆಯನ್ನು ಅವರು ಹೋಲಿಸಿದರು. ವಿದ್ಯಾರ್ಥಿಗಳಿಗೆ ತಿದ್ದುವುದೆಂದರೆ ಹೆಚ್ಚಾಗಿ ಪದ ಬದಲಿಸುವುದಾಗಿತ್ತು. ನುರಿತವರು ಮೊದಲ ಸುತ್ತುಗಳಲ್ಲಿ ವಾದದ ಆಕಾರಕ್ಕೆ ಹೆಚ್ಚು ಗಮನ ಕೊಡುತ್ತಿದ್ದರು, ಆದರೆ ಉಳಿದ ಸ್ತರಗಳನ್ನು ಮರೆಯುತ್ತಿರಲಿಲ್ಲ. ಅವರ ತಿದ್ದುವಿಕೆ ಮೆಟ್ಟಿಲಿಳಿದ ಹಾಗಿರಲಿಲ್ಲ, ಮತ್ತೆಮತ್ತೆ ಹಿಂದಕ್ಕೆ ಮರಳುತ್ತಿತ್ತು.

ಹಾಗಿದ್ದರೂ ಸುತ್ತುಗಳನ್ನು ಕೈಬಿಡಬೇಕೆಂದು ನಾನು ಹೇಳಲಾರೆ. ಎಲ್ಲವನ್ನೂ ಒಟ್ಟಿಗೆ ತಿದ್ದಿದ್ದರೆ ಕಾಗದದ ವಾಸನೆಯೂ ಹನ್ನೊಂದು ‘ಅನ್ನಿಸುತ್ತದೆ’ಗಳೂ ಸೇರಿ ಆ ಕೊನೆಯ ಸಾಲಿನ ತೊಡಕನ್ನು ಮುಚ್ಚಿಬಿಡುತ್ತಿದ್ದವು. ಸುತ್ತಲಿನ ಕಸ ಹೋದದ್ದರಿಂದಲೇ ಅದೊಂದು ಎದ್ದು ಕಂಡಿತು. ನಾನು ಸೇರಿಸುವ ನಿಯಮ ಒಂದೇ: ಮೂರು ಸಲ ಬದಲಿಸಿದರೂ ಕೂರದ ವಾಕ್ಯವನ್ನು ವಾಕ್ಯದ ದೋಷವೆಂದು ತಿದ್ದುತ್ತ ಕೂರಬಾರದು. ಅರ್ಥದ ಸುತ್ತು ಇನ್ನೂ ಮುಗಿದಿಲ್ಲವೆಂದು ಅದು ಹೇಳುತ್ತಿರುತ್ತದೆ.